ಕಂಬವಿಲ್ಲದ ತಂತಿ

ಪೂರ್ತಿ ಕೇಳಿ. ಅರ್ಧ ಕೇಳಿ "ಈ ಹುಡುಗ ಕೆಟ್ಟವನು" ಅಂತ ಎದ್ದು ಹೋಗಬೇಡಿ. ಅರ್ಧ ಕೇಳಿ "ಸರಿಯಾಗೇ ಮಾಡಿದ" ಅಂತ ಬೆನ್ನು ತಟ್ಟಲೂ ಬೇಡಿ. ದಾವಣಗೆರೆಯ ಚೌಕಿಪೇಟೆಯಲ್ಲಿ ಈಗ ಒಬ್ಬೊಬ್ಬರು ಒಂದೊಂದು ತರಹ ಹೇಳಿಕೊಂಡು ತಿರುಗುತ್ತಿದ್ದಾರೆ. ಕೆಲಸ ಮಾಡಿದ್ದು ನನ್ನ ಕೈ. ಹಾಗಾಗಿ ನನ್ನ ಬಾಯಿಂದಲೇ ಕೇಳಿಬಿಡಿ.

ನಾನು ಮೈಲಾರಲಿಂಗಪ್ಪ. ಮನೆಯಲ್ಲಿ ಮೈಲಾರಿ. ಇರುವುದು ಹರಿಹರದಲ್ಲಿ, ಕೆಲಸ ದಾವಣಗೆರೆಯಲ್ಲಿ, ವಾಮದೇವಪ್ಪನವರ ಫೋಟೋ ಸ್ಟುಡಿಯೋದಲ್ಲಿ. ಬೆಳಿಗ್ಗೆ ರೈಲು, ಸಂಜೆ ಸಿಕ್ಕಿದ ಬಸ್ಸು. ಫೋಟೋ ತೆಗೆಯುವವರು ವಾಮದೇವಪ್ಪನವರು, ತೆಗೆದದ್ದನ್ನು ತಿದ್ದುವವನು ನಾನು. ಮದುವಣಗಿತ್ತಿಯ ಕೆನ್ನೆಯ ಮೊಡವೆ, ಅಜ್ಜನ ಅಂಗಿಯ ಹರಕು, ಮದುವೆ ಗುಂಪಿನಲ್ಲಿ ಕಣ್ಣು ಮುಚ್ಚಿದವನ ಕಣ್ಣು, ಎಲ್ಲಾ ನನ್ನ ಮೇಜಿಗೆ ಬರುತ್ತದೆ. ಕಿಟಕಿಯ ಪಕ್ಕ ಇಳಿಜಾರಿನ ಹಲಗೆ, ಅದರ ಮಧ್ಯೆ ಗಾಜು, ಗಾಜಿನ ಕೆಳಗೆ ಬೆಳಕು ತಿರುಗಿಸಿ ಕೊಡುವ ಕನ್ನಡಿ. ಅಲ್ಲಿ ಕುಂತರೆ ನನಗೆ ಊಟದ ನೆನಪೂ ಇರುವುದಿಲ್ಲ. ಈ ಕೆಲಸ ನನಗೆ ಅಷ್ಟು ಇಷ್ಟ.

ಇನ್ನು ನನ್ನ ಭಾವ ಸೂರಪ್ಪ. ಅಕ್ಕ ಪುಟ್ಟಕ್ಕನ ಗಂಡ. ದಾವಣಗೆರೆಯ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿದ್ದ. ಕಂಬ ಹತ್ತುವುದನ್ನು ನೋಡಬೇಕಿತ್ತು ನೀವು, ಮನೆಯ ಮೆಟ್ಟಿಲು ಹತ್ತುವ ಹಾಗೆ ಮಾತಾಡಿಕೊಂಡೇ ಹತ್ತುತ್ತಿದ್ದ. ಮನುಷ್ಯ ಬೀಡಿ ಸೇದುತ್ತಿದ್ದ, ಕೈ ತುಂಬಾ ಇಸ್ಪೀಟು ಹಿಡಿಯುತ್ತಿದ್ದ, ಆದರೆ ಹೆಂಡದ ಕಡೆ ತಿರುಗಿ ನೋಡಿದವನಲ್ಲ. ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ, ಯಾಕೆಂದರೆ ಕತೆಯೆಲ್ಲ ಇದರ ಮೇಲೇ ನಿಂತಿದೆ.

ಅರವತ್ತಮೂರನೇ ಇಸವಿಯ ಶ್ರಾವಣದಲ್ಲಿ ಚೌಕಿಪೇಟೆಯ ಜವಳಿ ಸಾಹುಕಾರ ಕಲ್ಲೇಶಪ್ಪ ಹೊಸ ಅಂಗಡಿ ತೆರೆದ. ಮಾಳಿಗೆ ಮೇಲೆ ಮಾಳಿಗೆ, ಮುಂದೆ ಆಳುದ್ದದ ಬೋರ್ಡು, ಬೋರ್ಡಿನ ಸುತ್ತ ಬಣ್ಣದ ಬಲ್ಬು. ಎಲ್ಲಾ ಬಂತು, ಕರೆಂಟು ಮಾತ್ರ ಬರಲಿಲ್ಲ. ಆಫೀಸಿನಲ್ಲಿ ಅರ್ಜಿ ಇನ್ನೂ ಮಂಜೂರಾಗಿರಲಿಲ್ಲ. ಅಂಗಡಿಯ ಮುಂದೆಯೇ ಕಬ್ಬಿಣದ ಕಂಬ. ಕಲ್ಲೇಶಪ್ಪ ಭಾವನನ್ನು ಕರೆಸಿ, ಒಂದು ದಿನದ ಮಟ್ಟಿಗೆ ನೇರವಾಗಿ ಲೈನಿಗೇ ತಂತಿ ಸಿಕ್ಕಿಸು ಅಂದ. ಭಾವ ಆಗಲ್ಲ ಅಂದ. ನಿಮ್ಮ ಸಾಹೇಬರ ಹತ್ತಿರ ನಾನು ಮಾತಾಡಿದ್ದೇನೆ ಅಂತ ಕಲ್ಲೇಶಪ್ಪ ಸುಳ್ಳು ಹೇಳಿದ. ಹಾಗಾದರೆ ಲೈನ್ ಆಫ್ ಮಾಡಿ ಸಿಕ್ಕಿಸುತ್ತೇನೆ ಅಂದ ಭಾವ. ಪೇಟೆಯೆಲ್ಲಾ ಕತ್ತಲೆ ಮಾಡಿ ನನ್ನ ಮರ್ಯಾದೆ ತೆಗೆಯುತ್ತೀಯಾ ಅಂತ ಕಲ್ಲೇಶಪ್ಪ ಅದಕ್ಕೂ ಬಿಡಲಿಲ್ಲ. ಹಸಿ ಲೈನಿಗೇ, ಅಂದರೆ ಕರೆಂಟು ಹರಿಯುತ್ತಿರುವಾಗಲೇ, ಭಾವ ಬೆಳಿಗ್ಗೆ ತಂತಿ ಸಿಕ್ಕಿಸಿ ಇಳಿದ. ಏನೂ ಆಗಲಿಲ್ಲ. ಸಂಜೆ ಬಂದ ದೊಡ್ಡವರೆಲ್ಲ ಹೋದ ಮೇಲೆ ಬಿಚ್ಚಲು ಹತ್ತಿದ. ಸೋನೆ ಹಿಡಿದಿತ್ತು. ಕಂಬ ಒದ್ದೆ, ಕೈಗವಸು ಒದ್ದೆ.

ಕರೆಂಟು ಹೊಡೆದು ಮೇಲಿನಿಂದ ಬಿದ್ದ. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ. ಮೊಣಕೈ ಮೇಲೆ ಕತ್ತರಿಸಿದರು.

ಆಫೀಸಿನಲ್ಲಿ ವಿಚಾರಣೆ ಇಟ್ಟರು. ಕಲ್ಲೇಶಪ್ಪ ಬಿಳಿ ರುಮಾಲು ಸುತ್ತಿಕೊಂಡು ಹೋಗಿ ಹೇಳಿದ್ದು ಇಷ್ಟು: "ನಾನು ಕರೆದಿಲ್ಲ. ಕುಡ್ದು ಬಂದಿದ್ದ, ತಾನೇ ಹತ್ತಿದ, ತಾನೇ ಬಿದ್ದ. ಬೆಳಿಗ್ಗೆ ಹತ್ತಿದ್ದ ಅನ್ನೋದೂ ಸುಳ್ಳು, ನಾ ಅಲ್ಲೇ ನಿಂತಿದ್ದೆ." ಅದಕ್ಕೆ ಹೂಂ ಅನ್ನಲು ಪೇಟೆಯ ಇಬ್ಬರು. ಭಾವನ ಮಾತಿಗೆ ಯಾರೂ ಇಲ್ಲ. ಕೆಲಸದಿಂದ ನಿಲ್ಲಿಸಿದರು. ಹರಿಹರದ ನಮ್ಮ ಓಣಿಯಲ್ಲಿ ಅಕ್ಕ ನೀರಿಗೆ ಹೋದರೆ ಹೆಂಗಸರು ಕನಿಕರದಿಂದ, "ಕುಡಿಯೋದು ಬಿಟ್ಟಾನೇನವ್ವ ಈಗರ" ಅಂತ ಕೇಳತೊಡಗಿದರು. ಕೈ ಹೋದದ್ದಕ್ಕೆ ಅಳದ ಅಕ್ಕ ಆ ಮಾತಿಗೆ ಅತ್ತಳು. ಆವತ್ತು ನನ್ನೊಳಗೆ ಒಂದು ನಿಶ್ಚಯವಾಯಿತು. ಭಾವನ ಮೇಲಿನ ಆ ಮಾತು ಅಳಿಸಬೇಕು. ಮತ್ತೆ ಕಲ್ಲೇಶಪ್ಪ ಅದೇ ಪೇಟೆಯ ನಡುಬೀದಿಯಲ್ಲಿ ತಲೆ ತಗ್ಗಿಸಿ ನಿಲ್ಲಬೇಕು. ನಿಜ ಹೇಳಬೇಕೆಂದರೆ ಎರಡನೆಯದೇ ನನಗೆ ಹೆಚ್ಚು ಬೇಕಾಗಿತ್ತು.

ದಾರಿ ತಾನಾಗೇ ಸ್ಟುಡಿಯೋದ ಬಾಗಿಲಿಗೆ ನಡೆದು ಬಂತು.

ದಸರೆ ಹತ್ತಿರವಿತ್ತು. ಕಲ್ಲೇಶಪ್ಪ ಗುಮಾಸ್ತ ಏಕಾಂತಪ್ಪನನ್ನು ಹಿಂದೆ ಹಾಕಿಕೊಂಡು ಬಂದ. ನಾನು ಸೂರಪ್ಪನ ಹೆಂಡತಿಯ ತಮ್ಮ ಅಂತ ಅವನಿಗೆ ಗೊತ್ತಿಲ್ಲ. ನನ್ನಂಥವರ ಸಂಬಂಧ ಅವನು ಯಾಕೆ ತಿಳಿದುಕೊಳ್ಳುತ್ತಾನೆ.

"ಬರ್ರಿ ಸಾವ್ಕಾರ್ರೆ, ಕೂಡ್ರಿ," ಅಂದರು ವಾಮದೇವಪ್ಪನವರು.

"ಕೂಡಾಕ ಪುರಸೊತ್ತಿಲ್ಲ. ಹೊಸ ವರ್ಷಕ್ಕ ಕ್ಯಾಲೆಂಡರ್ ಮಾಡಸ್ತೀನಿ. ಅಂಗಡಿ ಫೋಟೋ ಬೇಕು. ತೆರೆದ ದಿನ ಹೊಡದಿದ್ರಲ್ಲ, ತೋರಸ್ರಿ."

ಪ್ರಿಂಟುಗಳನ್ನು ಮೇಜಿನ ಮೇಲೆ ಹರಡಿದೆವು. ಒಂದರಲ್ಲಿ ಮಂತ್ರಿಗಳ ಕಾರು ಬೋರ್ಡಿಗೆ ಅಡ್ಡ. ಇನ್ನೊಂದರಲ್ಲಿ ಜನ ಅಡ್ಡ. ಮತ್ತೊಂದರಲ್ಲಿ ಸಾಹುಕಾರನೇ ಆಕಳಿಸುತ್ತಿದ್ದಾನೆ. ಕೊನೆಗೆ ಉಳಿದದ್ದು ಒಂದೇ. ಜನ ಸೇರುವ ಮೊದಲು, ಬೆಳಿಗ್ಗೆ, ಬೆಳಕು ನೋಡಲಿಕ್ಕೆಂದು ವಾಮದೇವಪ್ಪನವರು ದೊಡ್ಡ ಕ್ಯಾಮರಾದಲ್ಲಿ ಗಾಜಿನ ಪ್ಲೇಟಿಗೆ ತೆಗೆದದ್ದು. ಅಂಗಡಿ ಪೂರ್ತಿ ಕಾಣುತ್ತದೆ, ಬೋರ್ಡಿನ ಅಕ್ಷರ ಮುತ್ತಿನ ಹಾಗೆ. ಮುಂದೆ ರುಮಾಲು ಸುತ್ತಿದ ಕಲ್ಲೇಶಪ್ಪ ಕೈ ಎತ್ತಿ ನಿಂತಿದ್ದಾನೆ. ಆದರೆ ಚಿತ್ರದ ನಡುವೆ ಕಂಬ. ಕಂಬದ ಮೇಲೆ ನಮ್ಮ ಭಾವ. ಕಂಬದ ಬುಡದಲ್ಲಿ ತಂತಿಯ ಸುರುಳಿ ಹಿಡಿದ ಏಕಾಂತಪ್ಪ. ಸಾಹುಕಾರನ ಬೆರಳು ನೆಟ್ಟಗೆ ಭಾವನ ಕಡೆ, ಆ ಕಡೆ ಸಿಕ್ಕಿಸು ಅನ್ನುವ ಹಾಗೆ.

ಆ ಪ್ಲೇಟು ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಪರೀಕ್ಷೆಗೆ ತೆಗೆದದ್ದು ಅಂತ ವಾಮದೇವಪ್ಪನವರು ಪ್ರಿಂಟಿನ ಜೊತೆ ಡಬ್ಬಿಯ ತಳಕ್ಕೆ ಹಾಕಿ, ಸಾಹುಕಾರ ದೊಡ್ಡ ಗಿರಾಕಿ ಅಂತ ವಿಚಾರಣೆಯ ಹೊತ್ತಿನಲ್ಲೂ ಬಾಯಿ ಬಿಡದೆ ಇದ್ದರು.

ಕಲ್ಲೇಶಪ್ಪ ಆ ಚಿತ್ರವನ್ನು ಎತ್ತಿ ಕಣ್ಣಿಗೆ ಹತ್ತಿರ ಹಿಡಿದು ನೋಡಿದ. ಆಮೇಲೆ ನಕ್ಕ. "ಇದು ಚಲೋ ಐತೆ. ಕಂಬ ತಗೀರಿ. ತಂತಿ ತಗೀರಿ. ಕಂಬಕ್ಕ ಜೋತು ಬಿದ್ದೋರ್ನೂ ತಗೀರಿ."

"ನಾನು ಇದೀನಲ್ರಿ ಅದ್ರಾಗೆ," ಅಂದ ಏಕಾಂತಪ್ಪ, ಮೆಲ್ಲಗೆ.

"ನಿನ್ನ ಮಾರಿ ನೋಡಿ ಯಾರು ಸೀರೆ ತಗಂತಾರಲೇ?" ಅಂದ ಸಾಹುಕಾರ. ಏಕಾಂತಪ್ಪನೂ ನಕ್ಕ. ನಗಬೇಕಾದ ಕೆಲಸದಲ್ಲಿದ್ದ.

"ಅಷ್ಟು ದೊಡ್ಡ ಕಂಬ ತೆಗೆಯೋದು ಕಷ್ಟ ಸಾವ್ಕಾರ್ರೆ," ಅಂದರು ವಾಮದೇವಪ್ಪನವರು.

"ಆಗತೈತೆ, ನಾ ಮಾಡ್ತೀನಿ," ಅಂದೆ ನಾನು.

"ನೋಡ್ರಿ, ಹುಡುಗ ಹುಷಾರದಾನೆ. ಇನ್ನೊಂದು ಮಾತು. ಮಾಡಿದ ಮ್ಯಾಲೆ ಆ ಗಾಜಿನ ಪ್ಲೇಟು ನನಗ ಕೊಡಬೇಕು. ನಿಮ್ಮ ಹತ್ರ ಇರಬಾರದು."

ಅವನಿಗೆ ಬೇಕಾದದ್ದು ಕ್ಯಾಲೆಂಡರ್ ಒಂದೇ ಅಲ್ಲ ಅಂತ ಆಗ ಖಾತ್ರಿಯಾಯಿತು. ಕಂಬ ತೆಗೆಯುವುದೆಂದರೆ ಆ ಪ್ಲೇಟಿನ ಮೇಲೇ ಒರೆಸಿ ಹಾಕುವುದು ಅಂತ ಅವನು ತಿಳಿದಿದ್ದ. ಆ ತಪ್ಪು ತಿಳುವಳಿಕೆಯನ್ನು ನಾನು ತಿದ್ದಲು ಹೋಗಲಿಲ್ಲ.

ಸಂಜೆ ಹರಿಹರಕ್ಕೆ ಹೋದವನು ಭಾವನಿಗೆ ಎಲ್ಲಾ ಹೇಳಿದೆ. ಅವನು ಎಡಗೈಯಲ್ಲಿ ಬೀಡಿ ಹಚ್ಚುವುದನ್ನು ಕಲಿಯುತ್ತಿದ್ದ. ಕಡ್ಡಿಪೆಟ್ಟಿಗೆಯನ್ನು ಎರಡು ಪಾದದ ನಡುವೆ ಒತ್ತಿ ಹಿಡಿದು ಕಡ್ಡಿ ಗೀರುತ್ತಿದ್ದ.

"ಆ ಪ್ಲೇಟು ಸೀದಾ ತಂದು ನಮ್ಮ ಸಾಹೇಬ್ರ ಮೇಜಿನ ಮ್ಯಾಲೆ ಇಡು. ಮುಗೀತು," ಅಂದ ಭಾವ.

"ಅಷ್ಟಕ್ಕ ಬಿಡಾಕಾಗಲ್ಲ ಭಾವ. ಒಳಗೊಳಗೆ ಮುಗಿಸಿ ಬಿಡ್ತಾರೆ. ಪೇಟೆಗೆಲ್ಲಾ ಕಾಣಬೇಕು. ಅವ್ನು ತಾನೇ ಖರ್ಚು ಮಾಡಿ ಊರಿಗೆಲ್ಲಾ ಸುಳ್ಳು ಹಂಚಲಿ, ಆಮ್ಯಾಲೆ ನಾ ಖರೇ ತೋರಸ್ತೀನಿ."

"ನಿನಗ ನನ್ನ ಹೆಸ್ರು ಬೇಕೋ, ಅವ್ನ ಮಾನ ಬೇಕೋ?"

"ಎಲ್ಡೂ ಬೇಕು."

ಭಾವ ಹೊಗೆ ಬಿಟ್ಟ. "ಹಂಗಾರೆ ಏಕಾಂತಪ್ಪನ್ನ ನೋಡ್ಕ್ಯಾ. ಆ ಮನುಷ್ಯ ತಂತಿ ಹಿಡಿ ಅಂದ್ರೆ ತಂತಿ ಹಿಡಿತಾನೆ, ಕೊಡೆ ಹಿಡಿ ಅಂದ್ರೆ ಕೊಡೆ. ನಾ ಬಿದ್ದಾಗ ಮೊದ್ಲು ಓಡಿ ಬಂದೋನು ಅವ್ನೇ."

"ಓಡಿ ಬಂದೋನು ವಿಚಾರಣಿಗೆ ಯಾಕ ಬರ್ಲಿಲ್ಲ?" ಅಂದೆ. ಭಾವ ಬೀಡಿ ಆರಿಸಿ ಎದ್ದು ಒಳಗೆ ಹೋದ. ಅದನ್ನು ನಾನು ಗೆಲುವು ಅಂತ ತಿಳಿದೆ.

ಈಗ ಕೆಲಸದ ಮಾತು. ಇದನ್ನು ಹೇಳುವಾಗ ನನಗೆ ಉತ್ಸಾಹ ತಡೆಯುವುದಿಲ್ಲ, ಸ್ವಲ್ಪ ಸಹಿಸಿಕೊಳ್ಳಿ. ಮೊದಲನೆಯದಾಗಿ, ಮೂಲ ಪ್ಲೇಟಿಗೆ ನಾನು ಕುಂಚ ತಾಗಿಸಲೇ ಇಲ್ಲ. ಅದರಿಂದ ದೊಡ್ಡದೊಂದು ಪ್ರಿಂಟು ತೆಗೆದೆ, ಕೆಲಸವೆಲ್ಲ ಆ ಕಾಗದದ ಮೇಲೆ.

ಕಂಬದ ಹಿಂದೆ ಏನಿದೆ ಅನ್ನುವುದು ಚಿತ್ರದಲ್ಲಿ ಇರುವುದಿಲ್ಲ. ಬಣ್ಣ ಹಚ್ಚಿ ಊಹೆಯಿಂದ ಬರೆದರೆ ಕಣ್ಣಿಗೆ ಹೊಡೆಯುತ್ತದೆ. ಹಾಗಾಗಿ ಬೆಳಿಗ್ಗೆ ಕ್ಯಾಮರಾ ಹೊತ್ತು ಅಂಗಡಿಯ ಎದುರಿಗೆ ಹೋದೆ. ಮೊದಲು ತೆಗೆದ ಜಾಗದಿಂದ ಸ್ವಲ್ಪವೇ ಪಕ್ಕಕ್ಕೆ ಸರಿದು ನಿಂತರೆ ಸಾಕು, ಹತ್ತಿರದ ಕಂಬ ಆಚೆಗೆ ಸರಿಯುತ್ತದೆ, ಅದರ ಹಿಂದಿನ ಗೋಡೆ, ಬಾಗಿಲ ಚೌಕಟ್ಟು, ಕಟ್ಟೆ ಎಲ್ಲಾ ತೆರೆದುಕೊಳ್ಳುತ್ತವೆ. ಸೂರಿನ ನೆರಳು ಹಳೆಯ ಚಿತ್ರದಲ್ಲಿ ಗೋಡೆಯ ಮೇಲೆ ಎಲ್ಲಿ ಬಿದ್ದಿತ್ತೋ ಅಲ್ಲಿಗೆ ಬರುವವರೆಗೆ ಕಾದು ತೆಗೆದೆ. ಆ ಹೊಸ ಚಿತ್ರವನ್ನು ತೆಳು ಕಾಗದದ ಮೇಲೆ ಅಷ್ಟೇ ಅಳತೆಗೆ, ಅಷ್ಟೇ ಕಪ್ಪಿಗೆ ಪ್ರಿಂಟು ಮಾಡಿದೆ. ಹೊಂದುವವರೆಗೆ ಎಷ್ಟು ಕಾಗದ ಹಾಳು ಮಾಡಿದೆನೋ, ವಾಮದೇವಪ್ಪನವರು ಗೊಣಗಿದರು.

ತೇಪೆ ಕತ್ತರಿಸುವುದಕ್ಕೂ ಒಂದು ರೀತಿ ಇದೆ. ಕಂಬದ ಗುಂಟ ನೆಟ್ಟಗೆ ಕತ್ತರಿಸಿದರೆ ಕಂಬದ ಆಕಾರವೇ ಉಳಿದುಬಿಡುತ್ತದೆ. ಬಾಗಿಲ ಚೌಕಟ್ಟಿನ ಗೆರೆ, ಕಟ್ಟೆಯ ಅಂಚು, ಬೋರ್ಡಿನ ಚೌಕ, ಹೀಗೆ ಚಿತ್ರದಲ್ಲೇ ಇರುವ ಗೆರೆಗಳ ಮೇಲೆ ಕತ್ತರಿಸಬೇಕು, ಆಗ ಬೆಸುಗೆ ಆ ಗೆರೆಯಲ್ಲೇ ಅಡಗುತ್ತದೆ. ಕತ್ತರಿಸಿದ ತುಂಡನ್ನು ಬೋರಲು ಹಾಕಿ ಅಂಚನ್ನು ಸಣ್ಣ ಉಪ್ಪುಕಾಗದದಿಂದ ಉಜ್ಜುತ್ತಾ ಹೋದೆ. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಬೇಕು. ಆಮೇಲೆ ಅಂಟು ಹಚ್ಚಿ ಕೂರಿಸಿ, ಗಾಜು ಹೇರಿ ಒಣಗಿಸಿದೆ. ಮೇಲಿನ ಭಾಗಕ್ಕೆ ಇನ್ನೊಂದು ಪ್ರಿಂಟಿನ ಖಾಲಿ ಆಕಾಶದ ತುಂಡು. ಆ ತುಂಡನ್ನು ಭಾವನ ಮೇಲೆ ಒತ್ತಿ ಕೂರಿಸುವ ಮೊದಲು ಅವನನ್ನು ಇನ್ನೊಮ್ಮೆ ನೋಡಿಕೊಂಡೆ. ಅವನ ಎರಡೂ ಕೈಗಳಿದ್ದ ಚಿತ್ರ ಅದು. ಕೊನೆಯದು.

ಏಕಾಂತಪ್ಪನ ಮೇಲೆ ಕಟ್ಟೆಯ ತುಂಡು ಅಂಟಿಸುವಾಗ ಏನೂ ಅನ್ನಿಸಲಿಲ್ಲ.

ಕಂಬ ತೆಗೆದವರು ಮರೆಯುವುದು ನೆರಳನ್ನು. ರಸ್ತೆಯ ಮೇಲೆ ಉದ್ದಕ್ಕೆ ಮಲಗಿದ್ದ ಕಂಬದ ನೆರಳಿಗೂ ಧೂಳಿನ ತೇಪೆ ಹಾಕಿದೆ. ಬೆಸುಗೆಗಳಿಗೆ ಸಣ್ಣ ಕುಂಚದಿಂದ, ನೀರಿನ ಕಪ್ಪು ಬಣ್ಣಕ್ಕೆ ಚೂರು ಗೋಂದು ಸೇರಿಸಿ, ಚುಕ್ಕೆ ಚುಕ್ಕೆಯಾಗಿ ಇಟ್ಟೆ. ಗೆರೆ ಎಳೆಯಬಾರದು, ಚುಕ್ಕೆಯೇ ಇಡಬೇಕು. ಅಂಗಡಿಯ ಗೋಡೆಯ ಮುಂದೆ ಹಾದುಹೋದ ತಂತಿಗಳೂ ಹಾಗೇ ಹೋದವು. ಆಕಾಶದಲ್ಲಿದ್ದ ತಂತಿಗಳನ್ನು ಮಾತ್ರ ಹಾಗೇ ಬಿಟ್ಟೆ, ಅವಕ್ಕೆ ಮುಂದೆ ಸುಲಭದ ದಾರಿ ಇತ್ತು.

ತೇಪೆ ಹಾಕಿದ ಪ್ರಿಂಟನ್ನು ಹಲಗೆಗೆ ಸಿಕ್ಕಿಸಿ, ಎರಡೂ ಪಕ್ಕದಿಂದ ಓರೆಯಾಗಿ ದೀಪ ಬಿಟ್ಟು, ಅಂಚುಗಳ ನೆರಳು ಏಳದ ಹಾಗೆ, ಅದನ್ನೇ ಮತ್ತೆ ಫೋಟೋ ತೆಗೆದೆ. ಹೊಸ ಗಾಜಿನ ಪ್ಲೇಟು ಸಿಕ್ಕಿತು, ಹಳೆಯದರಷ್ಟೇ ಅಳತೆಯದು. ಪ್ಲೇಟಿನಲ್ಲಿ ಎಲ್ಲಾ ತಿರುವುಮುರುವು. ಬೆಳ್ಳನೆಯ ಆಕಾಶ ಕಪ್ಪಾಗಿರುತ್ತದೆ, ಕರಿ ತಂತಿ ಬರಿಗಾಜಿನ ಬಿಳಿ ಗೆರೆಯಾಗಿರುತ್ತದೆ. ಆ ಬಿಳಿ ಗೆರೆಗಳಿಗೆ ಕೂದಲಿನಂಥ ಕುಂಚದಿಂದ ಕೆಂಪು ಬಣ್ಣ ತುಂಬಿದೆ. ಪ್ರಿಂಟಿನ ಕಾಗದಕ್ಕೆ ಕೆಂಪು ಕಪ್ಪಿನಷ್ಟೇ ತಡೆ. ಹಾಗಾಗಿ ಪ್ರಿಂಟಿನಲ್ಲಿ ಆ ಜಾಗ ಆಕಾಶದ ಜೊತೆ ಸೇರಿ ಬೆಳ್ಳಗೆ ಬರುತ್ತದೆ, ತಂತಿ ಮಾಯ.

ಕಲ್ಲೇಶಪ್ಪ ಬಂದಾಗ ಪ್ರಿಂಟು ಕೊಟ್ಟೆ. ಬಾಯಿ ಬಿಟ್ಟು ನೋಡಿದ. ಕಂಬವಿಲ್ಲ, ತಂತಿಯಿಲ್ಲ, ಮನುಷ್ಯರಿಲ್ಲ. ತೊಳೆದಿಟ್ಟ ಬೀದಿ. ಅವನೊಬ್ಬನೇ ಕೈ ಎತ್ತಿ ನಿಂತಿದ್ದಾನೆ.

"ಪ್ಲೇಟು?"

ಹೊಸ ಪ್ಲೇಟು ಕೊಟ್ಟೆ. ಬೆಳಕಿಗೆ ಹಿಡಿದು, ಕಂಬ ಇದ್ದ ಜಾಗದಲ್ಲಿ ಕಂಬ ಇಲ್ಲದ್ದನ್ನು ನೋಡಿದ. ಕೆಂಪು ಗೆರೆಗಳ ಮೇಲೆ ಉಗುರಿಟ್ಟು ಕೇಳಿದ.

"ಇದೇನಿದು ಕೆಂಪು?"

"ತಂತಿ ಹೋಗ್ಲಿ ಅಂತ ಹಚ್ಚಿದ ಔಷಧಿ ಸಾವ್ಕಾರ್ರೆ."

"ಇನ್ನೊಂದು ಕಾಪಿ ಗೀಪಿ ಇಟ್ಕಂಡಿಲ್ಲ ತಾನೆ?"

"ಈ ಪ್ಲೇಟಿಂದು ಇನ್ನೊಂದು ಇಲ್ರಿ," ಅಂದೆ. ಅದು ಸುಳ್ಳಲ್ಲ.

ಹೊಸ ವರ್ಷಕ್ಕೆ ಕ್ಯಾಲೆಂಡರ್ ಬಂತು. ಕಲ್ಲೇಶಪ್ಪ ಒಡೆದು ಹಾಕುತ್ತಾನೇನೋ ಅಂತಿದ್ದ ನನ್ನ ಪ್ಲೇಟನ್ನು ಜೋಪಾನವಾಗಿ ತಿಜೋರಿಯಲ್ಲಿಟ್ಟಿದ್ದಾನೆ ಅಂತ ಏಕಾಂತಪ್ಪನೇ ಒಂದು ದಿನ ಚಹಾ ಅಂಗಡಿಯಲ್ಲಿ ಹೇಳಿದ. ಊರ ತುಂಬಾ ಆ ಕ್ಯಾಲೆಂಡರ್. ಕ್ಷೌರದಂಗಡಿಯಲ್ಲಿ, ಮಂಡಕ್ಕಿ ಭಟ್ಟಿಯಲ್ಲಿ, ಹರಿಹರದ ನಮ್ಮ ಓಣಿಯ ಮನೆಗಳಲ್ಲಿ ಕೂಡ. ಮಲೆಬೆನ್ನೂರಿನ ಸಂತೆಗೆ ಹೋದರೆ ಅಲ್ಲಿಯ ಅಂಗಡಿಯಲ್ಲೂ ಅವನದೇ ಮುಖ. ಅಕ್ಕ ನೋಡಿ ಹಲ್ಲು ಕಡಿದಳು. ನಾನು ಸುಮ್ಮನೆ ಕಾದೆ. ಎಲ್ಲಾ ಗೋಡೆಗೂ ಮೊಳೆ ಹೊಡೆದು ಮುಗಿಯಲಿ ಅಂತ ಕಾದೆ.

ನಮ್ಮ ಸ್ಟುಡಿಯೋಗಳಲ್ಲಿ ಒಂದು ಪದ್ಧತಿ ಇದೆ. ಒಳ್ಳೆ ತಿದ್ದುವ ಕೆಲಸ ಆದರೆ, ಬೀದಿಗೆ ಮುಖ ಮಾಡಿದ ಗಾಜಿನ ಶೋಕೇಸಿನಲ್ಲಿ ಮೊದಲಿನದನ್ನೂ ಆಮೇಲಿನದನ್ನೂ ಜೋಡಿಯಾಗಿ ಇಡುತ್ತೇವೆ. ಹರಿದ ಫೋಟೋ ಒಂದು ಕಡೆ, ಸರಿ ಮಾಡಿದ್ದು ಇನ್ನೊಂದು ಕಡೆ. ಗಿರಾಕಿ ಬರುವುದೇ ಅದನ್ನು ನೋಡಿ. ವಾಮದೇವಪ್ಪನವರು ಮದುವೆಯ ಫೋಟೋ ತೆಗೆಯಲು ಚಿತ್ರದುರ್ಗಕ್ಕೆ ಹೋದ ದಿನ, ಮೂಲ ಪ್ಲೇಟಿನಿಂದ ದೊಡ್ಡ ಪ್ರಿಂಟು ತೆಗೆದು, ಕ್ಯಾಲೆಂಡರಿನ ಪಕ್ಕದಲ್ಲೇ ಇಟ್ಟೆ. ಕೆಳಗೆ ಅಚ್ಚುಕಟ್ಟಾಗಿ ಬರೆದೆ: ಮೊದಲು, ನಂತರ. ಒಂದು ಅಕ್ಷರವೂ ಹೆಚ್ಚಿಲ್ಲ.

ಮೊದಲು ನಿಂತವನು ಹೂ ಮಾರುವವನು. "ಅಬ್ಬಾ, ಕಂಬಾನೇ ನುಂಗ್ಯಾನಲ್ಲಪ್ಪ," ಅಂದ. ಕೆಲಸ ಮೆಚ್ಚಿದ, ಅಷ್ಟೇ. ಅವನ ಪಕ್ಕ ನಿಂತ ಹಮಾಲಿ ಮುಖ ಹತ್ತಿರ ತಂದು ನೋಡಿದ.

"ಕಂಬದ ಮ್ಯಾಲೆ ಇರೋನು ಸೂರಪ್ಪ ಅಲ್ವೇನೋ?"

"ಅವ್ನೇ. ನಮ್ಮ ಓಣಿ ಲೈಟ್ ರಿಪೇರಿಗೆ ಬರ್ತಿದ್ನಲ್ಲ."

"ಮತ್ತೆ ಸಾವ್ಕಾರ್ರು ಕರೆದಿಲ್ಲ ಅಂದ್ರಂತೆ?"

"ಕರೆದಿಲ್ಲಪ್ಪ, ಬೆರಳು ಮಾಡಿ ಕಾಗೆ ತೋರಸ್ತಾ ಅವ್ರೆ."

ನಗು ಎದ್ದಿತು. ನಾನು ಒಳಗೆ ಕುಂಚ ತೊಳೆಯುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಅಂಥ ಸುಖ ನನಗೆ ಯಾವ ಊಟದಲ್ಲೂ ಸಿಕ್ಕಿಲ್ಲ. ಸಂಜೆಯ ಹೊತ್ತಿಗೆ ಸೈಕಲ್ ಹೋಗಲು ದಾರಿ ಇರಲಿಲ್ಲ. ಕ್ಯಾಲೆಂಡರ್ ಇದ್ದವರೆಲ್ಲಾ ಮನೆಗೆ ಹೋಗಿ ಅದನ್ನು ಹೊಸದಾಗಿ ನೋಡತೊಡಗಿದರು. ಏನೂ ಇಲ್ಲದ ಆಕಾಶಕ್ಕೆ ಯಾಕೆ ಕೈ ತೋರಿಸುತ್ತಾನೆ ಈ ಮನುಷ್ಯ? ಮಕ್ಕಳು ಬೀದಿಯಲ್ಲಿ ಕಲ್ಲೇಶಪ್ಪನ ಹಾಗೆ ಕೈ ಎತ್ತಿ ನಿಂತು, "ಸಾವ್ಕಾರ್ರೆ, ಮ್ಯಾಲೆ ಯಾರು?" "ಯಾರೂ ಇಲ್ಲಲೇ" ಅಂತ ಆಡುತ್ತಿದ್ದರು.

ಮರುದಿನ ಅವನು ಬಂದ. ರುಮಾಲು ಕೈಯಲ್ಲಿತ್ತು.

"ಯಾವನಲೇ ನೀನು?"

"ಸೂರಪ್ಪನ ಭಾವಮೈದ."

ಅವನು ಶೋಕೇಸಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದ. ಆ ಮುಖವನ್ನು ಪ್ಲೇಟಿನಲ್ಲಿ ಹಿಡಿಯಲಿಲ್ಲವಲ್ಲ ಅನ್ನುವುದೊಂದೇ ನನಗೆ ಇವತ್ತಿಗೂ ಇರುವ ಕೊರಗು.

ಸುದ್ದಿ ಕರೆಂಟ್ ಆಫೀಸಿಗೂ ಹೋಯಿತು. ಅಲ್ಲಿಯ ಸಾಹೇಬರು ವಿಚಾರಣೆ ಮತ್ತೆ ತೆರೆದು ಎಲ್ಲರನ್ನೂ ಕರೆಸಿದರು. ಭಾವ ಖಾಲಿ ತೋಳನ್ನು ಮಡಿಸಿ ಪಿನ್ನು ಹಾಕಿಕೊಂಡು ಬಂದ. ವಾಮದೇವಪ್ಪನವರು ನನ್ನ ಕಡೆ ನೋಡದೆ ಮೂಲೆಯಲ್ಲಿ ಕುಳಿತರು. ಕಲ್ಲೇಶಪ್ಪ ಏಕಾಂತಪ್ಪನ ಕೈಯಲ್ಲಿ ಬಟ್ಟೆ ಸುತ್ತಿದ ಪೆಟ್ಟಿಗೆ ಹೊರಿಸಿಕೊಂಡು ಬಂದ.

"ಸಾಹೇಬ್ರೆ, ಇವ್ರು ಇಲ್ಲದ್ದು ಇಡೋ ಜನ," ಅಂದ ಅವನು. "ಗೋಡೆ ಇಲ್ಲದಲ್ಲಿ ಗೋಡೆ ಮಾಡ್ತಾರೆ, ಮನುಷ್ಯ ಇಲ್ಲದಲ್ಲಿ ಮನುಷ್ಯನ್ನ ಕೂಡಸ್ತಾರೆ. ಶೋಕೇಸಿನಾಗೆ ಇರೋದು ತೇಪೆ ಚಿತ್ರ. ಅಸಲು ಪ್ಲೇಟು ನನ್ನ ಹತ್ರ ಐತೆ. ನೋಡ್ರಿ, ಇದ್ರಾಗ ಯಾರದಾರೆ?"

ಅವನೇ ತಿಜೋರಿಯಿಂದ ತೆಗೆದು ತಂದಿದ್ದ. ನಾನು ಬೇಡಿದ್ದರೂ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ. ಸಾಹೇಬರು ಪ್ಲೇಟನ್ನು ಕಿಟಕಿಗೆ ಹಿಡಿದರು.

"ಕಂಬವೂ ಇಲ್ಲವಲ್ಲ ಇದರಲ್ಲಿ. ಕಂಬ ನಮ್ಮದು ಕಣ್ರಿ, ಬಹಳ ವರ್ಷದಿಂದ ಅಲ್ಲೇ ಇದೆ."

"ಅದು... ಕ್ಯಾಲೆಂಡರಿಗೆ ಕಂಬ ತಗಸಿದ್ದು ಖರೆ. ಮನುಷ್ಯ ಇರಲಿಲ್ಲ."

"ಈ ಕೆಂಪು ಗೆರೆ?"

ನಾನು ಮುಂದೆ ಹೋದೆ. "ಒಂದು ತಟ್ಟೆ ನೀರು ಕೊಡ್ಸಿರಿ ಸಾಹೇಬ್ರೆ," ಅಂದೆ. ಸ್ಟುಡಿಯೋದಿಂದ ತಂದಿದ್ದ ಅಮೋನಿಯಾದ ಸೀಸೆಯಿಂದ ಕೆಲವು ಹನಿ ಬಿಟ್ಟೆ. ಪ್ಲೇಟನ್ನು ಮುಳುಗಿಸಿ ಮೆಲ್ಲಗೆ ತಟ್ಟೆ ತೂಗಿದೆ. ಕೆಂಪು ಬಣ್ಣ ದಾರದಂತೆ ಬಿಚ್ಚಿಕೊಂಡು ನೀರಿಗೆ ಇಳಿಯಿತು. ಎತ್ತಿ ಬೆಳಕಿಗೆ ಹಿಡಿದರೆ ಕಪ್ಪು ಆಕಾಶದಲ್ಲಿ ಬಿಳಿ ಗೆರೆಗಳು ಎದ್ದು ನಿಂತಿದ್ದವು. ಒಂದು ಕಡೆಯಿಂದ ಬಂದ ತಂತಿಗಳು ಅಂಗಡಿಯ ಮುಂದೆ ಚಾಕುವಿನಿಂದ ಕತ್ತರಿಸಿದ ಹಾಗೆ ನಿಂತಿವೆ. ಸ್ವಲ್ಪ ಜಾಗ ಬಿಟ್ಟು ಮತ್ತೆ ಶುರುವಾಗಿ ಆಚೆ ಹೋಗಿವೆ. ನಡುವೆ ಒಬ್ಬ ಮನುಷ್ಯ ಕೂರುವಷ್ಟು ಖಾಲಿ ಆಕಾಶ.

"ಕಂಬ ಇಲ್ದೆ ತಂತಿ ನಿಂತಾವಲ್ಲ," ಅಂದ ಭಾವ, ತಣ್ಣಗೆ. "ನಾನೂ ಇಷ್ಟು ವರ್ಷ ಲೈನ್ ಎಳೆದೆ, ಈ ಇದ್ಯೆ ನಮಗ ಬರ್ಲಿಲ್ಲ."

ನಾನು ಮೂಲ ಪ್ಲೇಟು ಮುಂದಿಟ್ಟೆ. ಓರೆಯಾಗಿ ಹಿಡಿದು ನೋಡಿದರೂ ಅದರಲ್ಲಿ ಕುಂಚದ ಗುರುತಿಲ್ಲ, ತಿದ್ದುವ ಪೆನ್ಸಿಲ್ಲಿನ ಹೊಳಪಿಲ್ಲ. ತಂತಿಗಳು ನೇರ ಬಂದು ಕಂಬ ಮುಟ್ಟಿವೆ, ಕಂಬದ ನೆರಳು ರಸ್ತೆಯ ಮೇಲಿದೆ, ಭಾವನ ನೆರಳೂ ಅದರ ತುದಿಯಲ್ಲಿದೆ. ಸಾಹೇಬರು ಎರಡನ್ನೂ ಬಹಳ ಹೊತ್ತು ನೋಡಿ, "ಹಾಗಾದ್ರೆ ಬೆಳಿಗ್ಗೆ ಹತ್ತಿದ್ದು ನಿಜ, ನೀವು ಅಲ್ಲಿ ನಿಂತಿದ್ದೂ ನಿಜ," ಅಂದರು.

ಕಲ್ಲೇಶಪ್ಪ ತಲೆ ತಗ್ಗಿಸಿದ. ನಾನು ಅದನ್ನೇ ಕಾಯುತ್ತಿದ್ದೆ, ಕಣ್ಣು ತುಂಬಾ ನೋಡಿದೆ. ಆದರೆ ಅವನು ತಗ್ಗಿಸಿದ್ದು ನಾಚಿಕೆಯಿಂದಲ್ಲ. ಮೇಜಿನ ಮೇಲಿದ್ದ ಮೂಲ ಚಿತ್ರವನ್ನು ನೋಡುತ್ತಿದ್ದ. ಮತ್ತೆ ತಲೆ ಎತ್ತಿದಾಗ ದನಿ ಬೇರೆಯಾಗಿತ್ತು.

"ಸಾಹೇಬ್ರೆ, ತಪ್ಪು ಮುಚ್ಚಿಟ್ಟೆ. ನನ್ನ ಆಳಿನ ಮಾನ ಉಳಿಸಾಕ ಹೋಗಿ ಸುಳ್ಳು ಹೇಳಿದೆ. ಕಂಬದ ಬುಡದಾಗೆ ನೋಡ್ರಿ. ತಂತಿ ಸುರುಳಿ ಯಾರ ಕೈಯಾಗೈತೆ? ಕರೆದೋನು ಇವ್ನು, ತಂತಿ ತಂದೋನು ಇವ್ನು. ನಾನು ಕೈ ಎತ್ತಿದ್ದು ಇಳೀರಲೇ ಅಂತ."

ಏಕಾಂತಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಪೆಟ್ಟಿಗೆಯ ಬಟ್ಟೆ ಮಡಿಸುತ್ತಿದ್ದವನು ಹಾಗೇ ನಿಂತ. "ಸಾವ್ಕಾರ್ರೆ," ಅಂದ, ಅಷ್ಟೇ. ಭಾವ ಎದ್ದು, "ಸುಳ್ಳು, ಅವ್ನಿಗೇನೂ ಗೊತ್ತಿಲ್ಲ, ಕರೆದೋರು ಸಾವ್ಕಾರ್ರೇ," ಅಂತ ಹೇಳಿದ. ಸಾಹೇಬರು ಬರೆದುಕೊಂಡರು. ಆದರೆ ಕೈ ಎತ್ತಿದವನು ಏನೆಂದ ಅನ್ನುವುದು ಚಿತ್ರದಲ್ಲಿ ಕೇಳಿಸುವುದಿಲ್ಲ. ಕೈಯಲ್ಲಿ ತಂತಿ ಹಿಡಿದವನು ಕಾಣಿಸುತ್ತಾನೆ.

ಆಮೇಲೆ ಆದದ್ದು ಹೇಳಿಬಿಡುತ್ತೇನೆ. ಭಾವ ಕುಡಿದಿರಲಿಲ್ಲ ಅಂತ ಆಫೀಸು ಒಪ್ಪಿತು. ಆಸ್ಪತ್ರೆಯವರು ಮೊದಲೇ ಹೇಳಿದ್ದರು, ಆಗ ಯಾರೂ ಕೇಳಿರಲಿಲ್ಲ. ಒಂದು ಕೈಯಲ್ಲೇ ಮಾಡುವ ಕೆಲಸ ಕೊಟ್ಟು ಹರಿಹರದ ಕರೆಂಟ್ ಸ್ಟೇಷನ್ನಿಗೆ ಹಾಕಿದ್ದಾರೆ. ಅಕ್ಕ ಈಗ ನೀರಿಗೆ ಹೋದರೆ ಕೊಡ ಸೊಂಟಕ್ಕಿಟ್ಟು ನಿಂತು ಮಾತಾಡಿ ಬರುತ್ತಾಳೆ. ಕಲ್ಲೇಶಪ್ಪನ ಅಂಗಡಿಗೆ ಕರೆಂಟು ಇನ್ನೂ ಬಂದಿಲ್ಲ, ಸಂಜೆಯಾದರೆ ಪೆಟ್ರೋಮ್ಯಾಕ್ಸ್ ಉರಿಸುತ್ತಾನೆ. ಜನ ಅವನ ಕ್ಯಾಲೆಂಡರ್ ತಂದು ಅವನ ಕಟ್ಟೆಯ ಮೇಲೇ ಬಿಟ್ಟು ಹೋದರು. ಆದರೆ ಅವನು ಅಂಗಡಿಯಲ್ಲೇ ಕೂತಿದ್ದಾನೆ. ಪೊಲೀಸರು ಕರೆದುಕೊಂಡು ಹೋದದ್ದು ಏಕಾಂತಪ್ಪನನ್ನು. ಕರೆಂಟು ಕದಿಸಿದ ಅಂತ ಕೇಸು. ಅಂಗಡಿಯಿಂದಲೂ ತೆಗೆದರು.

ವಾಮದೇವಪ್ಪನವರು ನನ್ನನ್ನು ಕೆಲಸದಿಂದ ಬಿಡಿಸಲಿಲ್ಲ. ಶೋಕೇಸಿನ ಬೀಗದ ಕೈಯನ್ನು ಮಾತ್ರ ಈಗ ತಮ್ಮ ಕೊರಳಿನ ಲಿಂಗದ ಕರಡಿಗೆಯ ದಾರಕ್ಕೆ ಕಟ್ಟಿಕೊಂಡಿದ್ದಾರೆ. "ನಿನ್ನ ಕೈ ಚಲೋ ಐತೆ, ತಲಿ ಬಿಸಿ ಐತೆ," ಅನ್ನುತ್ತಾರೆ.

ಮೊನ್ನೆ ಮಧ್ಯಾಹ್ನ ಏಕಾಂತಪ್ಪನ ಹೆಂಡತಿ ಕೊಟ್ರವ್ವ ಸ್ಟುಡಿಯೋಗೆ ಬಂದಳು. ಬೈಯುತ್ತಾಳೆ ಅಂತ ಕಾದೆ. ಬೈಯಲಿಲ್ಲ. ನನ್ನ ಮೇಜಿನ ಮೇಲಿದ್ದ ಕುಂಚ, ಚಾಕು, ಉಪ್ಪುಕಾಗದ ಎಲ್ಲಾ ನೋಡಿದಳು. ಆಮೇಲೆ ಸೆರಗಿನಿಂದ ಮಡಿಸಿದ ಕ್ಯಾಲೆಂಡರ್ ತೆಗೆದು ಬಿಡಿಸಿದಳು.

"ತಮ್ಮಾ, ಇದು ನೀ ಮಾಡಿದ್ದಂತೆ?"

"ಹೂಂ ಅವ್ವ."

"ಇಲ್ಲಿ ನಮ್ಮನಿಯೋರು ನಿಂತಿದ್ರಂತೆ." ಬೆರಳಿನಿಂದ ಕಟ್ಟೆಯ ಮೇಲೆ ಸವರಿದಳು. "ಎಷ್ಟು ಚಂದ ತಗದಿದ್ದಿಯಪ್ಪ. ಒಂದು ಗುರುತಿಲ್ಲ."

ನಾನು ಮೇಜಿನ ಮೇಲಿದ್ದ ಚಾಕುವನ್ನು ಎತ್ತಿ ಬದಿಗಿಟ್ಟೆ.

"ಸಾವ್ಕಾರ ಹೇಳಿದಾಗ ತಗದಿ. ಬೀದಿಗೆ ತೋರ್ಸೋ ಚಿತ್ರದಾಗೆ ಯಾಕ ತಗೀಲಿಲ್ಲ? ಬರೇ ಸಾವ್ಕಾರ, ಬರೇ ನಿಮ್ಮ ಭಾವ, ಇಬ್ರೇ ಇದ್ದಿದ್ರೆ ಏನಾಗ್ತಿತ್ತು?"

"ಅದ್ರಾಗ ತೇಪೆ ಹಾಕಿದ್ರೆ ಚಿತ್ರನೇ ಸುಳ್ಳಾಗ್ತಿತ್ತವ್ವ. ಪ್ಲೇಟು ಕೆತ್ತಿದ್ರೆ ಸಾಹೇಬ್ರು ಹಿಡೀತಿದ್ರು. ಭಾವನ ಮಾತೂ ನಿಲ್ತಿರಲಿಲ್ಲ, ಸಾವ್ಕಾರ ಗೆಲ್ತಿದ್ದ."

"ಸಾಹೇಬ್ರ ಹತ್ರ ಹೋಗೋದು ಆಮ್ಯಾಲಿನ ಮಾತು. ಮೊದ್ಲು ನೀ ಬೀದಿಗೆ ಇಟ್ಟಿ. ಅದಕ್ಕೂ ಮೊದ್ಲು ನಮ್ಮನಿಗೆ ಬಂದು ಒಂದು ಮಾತು ಹೇಳಬೋದಿತ್ತು. ಹೇಳಿದ್ರೆ ಅವ್ರೇ ಹೋಗಿ ಖರೇ ಹೇಳ್ತಿದ್ರೋ ಏನೋ."

ಹೇಳುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಸಾಹುಕಾರನ ಕಿವಿಗೆ ಹೋಗುತ್ತಿತ್ತು, ಪ್ಲೇಟು ಒಡೆಯುತ್ತಿತ್ತು, ಭಾವ ಕುಡುಕನಾಗಿಯೇ ಉಳಿಯುತ್ತಿದ್ದ. ಅದನ್ನೇ ಅವಳಿಗೂ ಹೇಳಿದೆ. ಅವಳು ಕ್ಯಾಲೆಂಡರನ್ನು ಮತ್ತೆ ಅದೇ ಮಡಿಕೆಗಳಲ್ಲಿ ಮಡಿಸಿದಳು.

"ಹಂಗಾರೆ ನಮ್ಮನಿಯೋರ್ದೊಂದು ಫೋಟೋ ಮಾಡಿ ಕೊಡು, ಆ ಪ್ಲೇಟಿಂದೇ. ಕೈಯಾಗಿನ ತಂತಿ ತಗದು. ಮನ್ಯಾಗ ಅವ್ರದು ಒಂದೂ ಇಲ್ಲ," ಅಂದು ಹೋದಳು.

ಸಾಹೇಬರು ಪ್ಲೇಟು ಇಟ್ಟುಕೊಂಡರು, ನನ್ನ ಹತ್ತಿರ ಅದರ ಪ್ರಿಂಟು ಮಾತ್ರ ಇದೆ. ಅದನ್ನೇ ಮುಂದೆ ಇಟ್ಟುಕೊಂಡು ಕುಂತಿದ್ದೇನೆ. ಕಲ್ಲೇಶಪ್ಪನ ಮೇಲಿನ ಸಿಟ್ಟು ಒಂದು ಚೂರೂ ಇಳಿದಿಲ್ಲ, ಮತ್ತೆ ಅವಕಾಶ ಸಿಕ್ಕರೆ ಮತ್ತೆ ಶೋಕೇಸಿನಲ್ಲಿ ಇಡುತ್ತೇನೆ. ಆದರೆ ಏಕಾಂತಪ್ಪನ ಬೆರಳುಗಳು ಆ ಸುರುಳಿಯ ಸುತ್ತ ಮಡಚಿಕೊಂಡಿವೆ. ತಂತಿ ತೆಗೆದರೆ ಖಾಲಿ ಮುಷ್ಟಿ ಉಳಿಯುತ್ತದೆ, ಅದಕ್ಕೆ ತೇಪೆ ಹಾಕಲು ಅವನ ತೆರೆದ ಕೈಯ ಚಿತ್ರ ಬೇಕು, ಅದು ಯಾರ ಹತ್ತಿರವೂ ಇಲ್ಲ. ಚಿತ್ರವನ್ನು ಬೀದಿಗೆ ಇಟ್ಟ ಆ ದಿನ ವಾಮದೇವಪ್ಪನವರು ಊರಲ್ಲಿರಲಿಲ್ಲ, ಶೋಕೇಸಿನ ಬಾಗಿಲು ತೆರೆದಿತ್ತು, ಭಾವನನ್ನು ಕೈಯಿಲ್ಲದವನನ್ನಾಗಿ ಮಾಡಿ ಕುಡುಕ ಅಂದವನು ಎದುರಿನ ಗೋಡೆಯ ಕ್ಯಾಲೆಂಡರಿನಲ್ಲಿ ಕೈ ಎತ್ತಿ ನಿಂತಿದ್ದ. ನನ್ನ ಜಾಗದಲ್ಲಿ ನೀವಿದ್ದಿದ್ದರೆ, ಆ ಚಿತ್ರವನ್ನು ಇದ್ದ ಹಾಗೇ ಇಡುತ್ತಿದ್ದಿರೋ, ಬುಡದಲ್ಲಿದ್ದ ಮನುಷ್ಯನನ್ನು ತೆಗೆದು ಇಡುತ್ತಿದ್ದಿರೋ, ಏನು ಮಾಡುತ್ತಿದ್ದಿರಿ?